ಓಣಂ ತಿಂಗಳಿಗೆ 16 ಪೋಸ್ಟ್: ಬದಿಯಡ್ಕದ ಚಿಪ್ಸ್ ಯೂನಿಟಿಗೆ ಕ್ಯಾಲೆಂಡರ್ ಕಟ್ಟಿದ ಲಾಗ್

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ರ ಮನೆಗೆ ತಾಗಿದ ಶೆಡ್ಡಲ್ಲಿ ಒಂದು ಸಣ್ಣ ಯೂನಿಟ್ ಉಂಟು. ಬಾಳೆಕಾಯಿ ಚಿಪ್ಸ್, ಓಣಂ ಹತ್ರ ಬಂದಾಗ ಬಾಳೆಕಾಯಿ ತುಂಡಿಗೆ ಬೆಲ್ಲ ಹಿಡಿಸಿ ಮಾಡುವ ಶರ್ಕರ ವರಟ್ಟಿ, ಬೇಸಿಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಇಷ್ಟೇ ಐಟಂ. ನಡೆಸುವುದು ಒಬ್ರು ಅಕ್ಕ, ಕಾಯಿ ತರುವುದು ಪಾರ್ಸೆಲ್ ಬಿಡುವುದು ಭಾವ, ಹುರಿಯಲಿಕ್ಕೆ ಮೂರು ಜನ. ನಾನು ಬಿ.ಕಾಂ. ಮುಗಿಸಿ ಅಲ್ಲಿ ಎರಡು ತಿಂಗಳಿಗೆ ಮಾರ್ಕೆಟಿಂಗ್ ಇಂಟರ್ನ್ ಆಗಿ ಸೇರಿದ್ದು 2025ರ ಜುಲೈಯಲ್ಲಿ. ಕೆಲಸ ಎಂತ ಅಂದ್ರೆ ಇನ್‌ಸ್ಟಾಗ್ರಾಂ ಮತ್ತೆ ಫೇಸ್‌ಬುಕ್ ನೋಡಿಕೊಳ್ಳುವುದು, ಓಣಂ ವರೆಗಿನ ಒಂದು ತಿಂಗಳ ಪೋಸ್ಟ್ ಪ್ಲಾನ್ ಮಾಡುವುದು, ಯಾವ ಪೋಸ್ಟಿಂದ ಆರ್ಡರ್ ಬಂತು ಅಂತ ತೋರಿಸುವುದು. ಇದೇ ಕೆಲಸ ಮಾಡುವವರು ಬೇರೆಯವರೂ ಇರ್ತಾರೆ, ಅವರಿಗೆ ಉಪಯೋಗ ಆಗಲಿ ಅಂತ ಆವತ್ತಾವತ್ತು ನೋಟ್‌ಬುಕ್ಕಲ್ಲಿ ಬರೆದದ್ದನ್ನು ಸೇರಿಸಿ ಹಾಕ್ತಾ ಇದ್ದೇನೆ.

ಜುಲೈ 28, ಸೋಮವಾರ

ಮೊದಲ ಶೀಟ್ ಮಾಡಿದೆ. ಮೂವತ್ತು ದಿನಕ್ಕೆ ಮೂವತ್ತು ಸಾಲು, ಪ್ರತಿ ದಿನ ಒಂದು ಪೋಸ್ಟ್, ಸೋಮವಾರ ಟಿಪ್, ಮಂಗಳವಾರ ಪ್ರಾಡಕ್ಟ್, ಬುಧವಾರ ಪ್ರಶ್ನೆ, ಹೀಗೆ. ಅಕ್ಕನಿಗೆ ತೋರಿಸಿದೆ. ಅವರು ಪೂರ್ತಿ ಓದಿದ್ರು, ಮತ್ತೆ ಒಂದೇ ಮಾತು ಕೇಳಿದ್ದು, "ಇಷ್ಟೆಲ್ಲ ಹಾಕಿ ಜನ ಕೇಳಿದ್ರೆ ಕೊಡ್ಲಿಕ್ಕೆ ಎಲ್ಲಿ ಉಂಟು ಮಾರಾಯ್ತಿ?"

ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಎಷ್ಟು ಮಾಲು ಉಂಟು, ದಿನಕ್ಕೆ ಎಷ್ಟು ಹುರಿಯಬಹುದು, ಯಾವಾಗಿನವರೆಗೆ ಪಾರ್ಸೆಲ್ ಬಿಡಬಹುದು, ಇದು ಯಾವುದೂ ಶೀಟಲ್ಲಿ ಇರಲಿಲ್ಲ, ಬರೀ ತಾರೀಕು ಮತ್ತೆ ಐಡಿಯಾ ಇತ್ತು. ಹಾಗಾಗಿ ಅದನ್ನು ಅಲ್ಲೇ ಬಿಟ್ಟು ಮರುದಿನ ಶೆಡ್ಡಿಗೆ ಹೋಗಿ ಕೂತು ಬರೀ ಲೆಕ್ಕ ಕೇಳಿದೆ.

ಜುಲೈ 29, ಮಂಗಳವಾರ

ಒಂದು ಬಾಣಲೆಯಲ್ಲಿ ದಿನಕ್ಕೆ 25 ಕಿಲೋ ಚಿಪ್ಸ್ ಆಗ್ತದೆ. ಅದಕ್ಕೆ ಸಿಪ್ಪೆ ಸಮೇತ 100 ಕಿಲೋ ಹತ್ರ ನೇಂದ್ರ ಕಾಯಿ ಬೇಕು. ಮಾಮೂಲಿ ದಿನಗಳಲ್ಲಿ ಮಂಗಳವಾರ ಶುಕ್ರವಾರ ಮಾತ್ರ ಹುರಿಯುವುದು, ಆಗಸ್ಟ್ 18ರಿಂದ ಭಾನುವಾರ ಬಿಟ್ಟು ದಿನಾ. ಓಣಂನ ಮುಖ್ಯ ದಿನ ತಿರುವೋಣಂ ಸೆಪ್ಟೆಂಬರ್ 5, ಶುಕ್ರವಾರ. ಸೆಪ್ಟೆಂಬರ್ 2ಕ್ಕೆ ಹುರಿಯುವುದು ನಿಲ್ಲಿಸಿ ಮತ್ತೆ ಪ್ಯಾಕಿಂಗ್ ಮತ್ತೆ ಡೆಲಿವರಿ ಮಾತ್ರ. ನಡುವೆ 27ಕ್ಕೆ ಚೌತಿ, ರಜೆ. ಹಾಗಾದ್ರೆ ಒಟ್ಟು 13 ದಿನ, 325 ಕಿಲೋ. ಅದರಲ್ಲಿ ಕುಂಬಳೆ, ಮುಳ್ಳೇರಿಯ, ಕಾಸರಗೋಡಿನ ಅಂಗಡಿಗಳಿಗೆ ಮೊದಲೇ ಒಪ್ಪಿಕೊಂಡದ್ದು 205 ಕಿಲೋ. ಉಳಿದದ್ದು 120.

ಅಂದ್ರೆ ಇಡೀ ತಿಂಗಳಲ್ಲಿ ಪೋಸ್ಟ್ ನೋಡಿ ಬರುವವರಿಗೆ ಮಾರಲಿಕ್ಕೆ ಇರುವುದೇ 120 ಕಿಲೋ ಚಿಪ್ಸ್. ನಮಗೆ ಲಕ್ಷ ಜನ ನೋಡುವ ಅಗತ್ಯವೇ ಇಲ್ಲ, ಒಬ್ಬೊಬ್ರು ಒಂದೊಂದು ಕಿಲೋ ತಗೊಂಡ್ರೂ ಸರಿಯಾದ 120 ಜನ ಸಿಕ್ಕಿದ್ರೆ ಸಾಕು. ಇದು ಗೊತ್ತಾದ ಮೇಲೆ ಪೋಸ್ಟುಗಳ ಸಂಖ್ಯೆ, ಭಾಷೆ, ಯಾವ ಊರಿನವರಿಗೆ ಹೇಳುವುದು, ಎಲ್ಲ ಬದಲಾಯ್ತು.

ಹಲಸಿನ ಹಪ್ಪಳದ ಕಥೆ ಬೇರೆ. ಅದು ಏಪ್ರಿಲ್ ಮೇಯಲ್ಲಿ ಬಿಸಿಲಿಗೆ ಒಣಗಿಸಿ ಇಟ್ಟದ್ದು, ಈಗ ಮಳೆಯಲ್ಲಿ ಮತ್ತೆ ಮಾಡ್ಲಿಕ್ಕೆ ಆಗುವುದಿಲ್ಲ, ಇದ್ದದ್ದು 90 ಕಟ್ಟು. ಮುಗಿದ್ರೆ ಮುಗೀತು.

ಆಗಸ್ಟ್ 1ರಿಂದ 3

ಈ ಸಲ ತಾರೀಕನ್ನು ಹಿಂದಿನಿಂದ ಲೆಕ್ಕ ಹಾಕಿದೆ. ಬೆಂಗಳೂರಿಗೆ ಕೊರಿಯರ್ ಮೂರು ದಿನ, ಓಣಂ ಹೊತ್ತಿಗೆ ರಶ್ ಇರ್ತದೆ, ಮಧ್ಯೆ ಒಂದು ಭಾನುವಾರ ಬರ್ತದೆ, ಹಾಗಾಗಿ ದೂರದ ಆರ್ಡರಿಗೆ ಕೊನೆ ದಿನ ಆಗಸ್ಟ್ 29. ಕಾಸರಗೋಡು, ಕಾಞಂಗಾಡು, ಪುತ್ತೂರು, ಮಂಗಳೂರು ಕಡೆಗೆ ಭಾವನೇ ಬಸ್ಸಲ್ಲಿ ಪಾರ್ಸೆಲ್ ಬಿಡ್ತಾರೆ, ಅದಕ್ಕೆ ಕೊನೆ ದಿನ ಸೆಪ್ಟೆಂಬರ್ 2. ಜನ ಪೋಸ್ಟ್ ನೋಡಿ ಆರ್ಡರ್ ಮಾಡ್ಲಿಕ್ಕೆ ನಾಲ್ಕೈದು ದಿನ ತಗೊಳ್ತಾರೆ ಅಂತ ಇಟ್ಟುಕೊಂಡ್ರೆ ಮುಖ್ಯ ಪೋಸ್ಟುಗಳೆಲ್ಲ ಆಗಸ್ಟ್ 19ರಿಂದ 26ರ ಒಳಗೆ ಬರಬೇಕು. ಅದಕ್ಕಿಂತ ಮೊದಲು ಹಾಕುವುದು ಮುಖ ಪರಿಚಯ ಆಗಲಿಕ್ಕೆ, ಆಮೇಲೆ ಹಾಕುವುದು ಕೊನೆ ದಿನ ನೆನಪು ಮಾಡ್ಲಿಕ್ಕೆ.

ಒಟ್ಟು 16 ಪೋಸ್ಟ್ ಅಂತ ನಿಶ್ಚಯ ಮಾಡಿದೆ, ಆಗಸ್ಟ್ 11ರಿಂದ ಸೆಪ್ಟೆಂಬರ್ 7, ವಾರಕ್ಕೆ ನಾಲ್ಕು. ಚಿಪ್ಸಿಗೆ ಆರು, ಶರ್ಕರ ವರಟ್ಟಿಗೆ ಮೂರು, ಹಪ್ಪಳಕ್ಕೆ ಮೂರು, ಉಪ್ಪಿನಕಾಯಿಗೆ ಎರಡು, ಕೆಲಸ ಮಾಡುವವರನ್ನು ತೋರಿಸುವುದು ಎರಡು. ನಾನು ಒಬ್ಬಳೇ ಶೂಟ್ ಮಾಡಿ, ಬರೆದು, ಮೆಸೇಜಿಗೆ ಉತ್ತರವೂ ಕೊಡಬೇಕಿತ್ತು, ಅದರಿಂದ ಜಾಸ್ತಿ ಆಗುವುದಿಲ್ಲ ಅಂತ ಗೊತ್ತಿತ್ತು.

ಹಬ್ಬಗಳ ತಾರೀಕು ಹಾಕುವಾಗ ಒಂದು ದೊಡ್ಡ ತಪ್ಪು ಆಗುವುದಿತ್ತು. ನೆಟ್ಟಲ್ಲಿ ಸಿಗುವ ರೆಡಿಮೇಡ್ ಮಾರ್ಕೆಟಿಂಗ್ ಕ್ಯಾಲೆಂಡರ್ ಒಂದರಿಂದ ತಾರೀಕುಗಳನ್ನು ತೆಗೆದು ಅಂಟಿಸಿದ್ದೆ, ಅದರಲ್ಲಿ ಕೃಷ್ಣ ಜನ್ಮಾಷ್ಟಮಿ ಆಗಸ್ಟ್ 16 ಅಂತ ಇತ್ತು, ನಾನು ಆ ದಿನಕ್ಕೆ ಅಷ್ಟಮಿಯ ಪೋಸ್ಟ್ ಇಟ್ಟುಬಿಟ್ಟಿದ್ದೆ. ಭಾನುವಾರ ಮನೆಯಲ್ಲಿ ಶೀಟ್ ತೆರೆದು ಕೂತಿದ್ದಾಗ ಅಜ್ಜಿ ಕೇಳಿದ್ರು, "ಸೋಣ ತಿಂಗಳು ಹುಟ್ಟುವ ಮೊದ್ಲೇ ಎಂತ ಅಷ್ಟಮಿ ಮಗಾ?" ಗೋಡೆಯಲ್ಲಿದ್ದ ಪಂಚಾಂಗ ತೆಗೆದು ನೋಡಿದ್ರೆ ಹೌದು. ನಮ್ಮಲ್ಲಿ ಸೌರಮಾನ, ಸಿಂಹ ಮಾಸದಲ್ಲಿ, ಅಂದ್ರೆ ಸೋಣದಲ್ಲಿ, ಬರುವ ಕೃಷ್ಣ ಪಕ್ಷದ ಅಷ್ಟಮಿ ಆಗಬೇಕು. ಈ ವರ್ಷ ಸಿಂಹ ಸಂಕ್ರಮಣ ಆಗಸ್ಟ್ 17, ಅಂದ್ರೆ ಆ ಅಷ್ಟಮಿ ಒಂದು ದಿನ ಮೊದಲೇ ಬಂದುಹೋಯ್ತು, ಹಾಗಾಗಿ ಉಡುಪಿಯಲ್ಲೂ ಇಲ್ಲೂ ಅಷ್ಟಮಿ ಸೆಪ್ಟೆಂಬರ್ 14ಕ್ಕೆ. ಮಲಯಾಳಿಗಳ ಅಷ್ಟಮಿ ರೋಹಿಣಿಯೂ ಅದೇ ದಿನ. ಪೋಸ್ಟ್ ಹೋಗಿದ್ರೆ ನಮ್ಮ ಗಿರಾಕಿಗಳ ಮುಂದೆ ಒಂದು ತಿಂಗಳು ಮುಂಚೆ ಹಬ್ಬ ಮಾಡಿದ ಹಾಗೆ ಆಗ್ತಿತ್ತು. ಆ ಸಾಲನ್ನು ತೆಗೆದು ಕೆಳಗೆ "ಮುಂದಿನ ತಿಂಗಳು" ಅಂತ ಒಂದು ಜಾಗ ಮಾಡಿ ಅಲ್ಲಿ ಇಟ್ಟೆ. ಅವತ್ತಿನಿಂದ ಹಬ್ಬದ ಕಾಲಮ್ಮಿನ ಪ್ರತಿ ತಾರೀಕನ್ನೂ ಊರಿನ ಪಂಚಾಂಗ ಮತ್ತೆ ಒಂದು ಮಲಯಾಳ ಕ್ಯಾಲೆಂಡರ್ ಎರಡರಲ್ಲೂ ನೋಡಿಯೇ ಇಟ್ಟದ್ದು. ಮಲಯಾಳದ ಚಿಂಗಂ ತಿಂಗಳ ಮೊದಲ ದಿನ ಆಗಸ್ಟ್ 17, ಓಣಂ ಶುರು ಆಗುವ ಅತ್ತಂ 26, ಚೌತಿ 27, ತಿರುವೋಣದ ಹಿಂದಿನ ದಿನ ಉತ್ರಾಡಂ ಸೆಪ್ಟೆಂಬರ್ 4.

ಆಗಸ್ಟ್ 4: ಶೀಟ್ ಕಟ್ಟಿದ್ದು

ಗೂಗಲ್ ಶೀಟ್ಸಲ್ಲಿ ಎರಡೇ ಟ್ಯಾಬ್, Plan ಮತ್ತೆ Orders. ಪ್ಲಾನಲ್ಲಿ ಒಂದು ಪೋಸ್ಟಿಗೆ ಒಂದು ಸಾಲು: ಕೋಡ್, ತಾರೀಕು, ಐಟಂ, ರೀಲಾ ಫೋಟೋವಾ, ಭಾಷೆ, ಕ್ಯಾಪ್ಷನ್, ಸ್ಟೇಟಸ್. ಅದರ ಬಲಗಡೆ ಆಮೇಲೆ ತುಂಬಿಸಲಿಕ್ಕೆ: ಏಳನೇ ದಿನದ ರೀಚ್, ಸೇವ್, ಶೇರ್, ಆರ್ಡರ್, ರೂಪಾಯಿ.

ಕೋಡ್ ಅನ್ನುವುದೇ ಟ್ರ್ಯಾಕಿಂಗಿನ ಜೀವ. ನಮಗೆ ವೆಬ್‌ಸೈಟ್ ಇಲ್ಲ, ಆರ್ಡರ್ ಎಲ್ಲ ವಾಟ್ಸಾಪಲ್ಲಿ, ಹಾಗಾಗಿ ಯಾರು ಯಾವ ಪೋಸ್ಟ್ ನೋಡಿ ಬಂದ್ರು ಅಂತ ಇನ್‌ಸ್ಟಾಗ್ರಾಂ ಹೇಳುವುದಿಲ್ಲ. ಅದಕ್ಕೆ ಪ್ರತಿ ಪೋಸ್ಟಿಗೂ ಒಂದು ಕೋಡ್ ಕೊಟ್ಟೆ, ಕನ್ನಡದ ಪೋಸ್ಟಿಗೆ ಕೆ, ಮಲಯಾಳದ್ದಕ್ಕೆ ಎಂ, ಮುಂದೆ ಎರಡು ಅಂಕೆ. ಫೇಸ್‌ಬುಕ್ ಪೋಸ್ಟಲ್ಲಿ ಮತ್ತೆ ಇನ್‌ಸ್ಟಾಗ್ರಾಂ ಸ್ಟೋರಿಯ ಲಿಂಕ್ ಸ್ಟಿಕ್ಕರಲ್ಲಿ ಹೀಗೆ ಲಿಂಕ್ ಹಾಕಿದ್ರೆ ವಾಟ್ಸಾಪ್ ತೆರೆಯುವಾಗಲೇ ಕೋಡ್ ಟೈಪ್ ಆಗಿ ಬಂದಿರ್ತದೆ, ಗಿರಾಕಿ ಸೆಂಡ್ ಒತ್ತಿದ್ರೆ ಸಾಕು:

```
https://wa.me/91XXXXXXXXXX?text=K07
```

ಇನ್‌ಸ್ಟಾಗ್ರಾಂ ಪೋಸ್ಟಿನ ಕ್ಯಾಪ್ಷನಲ್ಲಿ ಲಿಂಕ್ ಒತ್ತಲಿಕ್ಕೆ ಬರುವುದಿಲ್ಲ, ಬರೀ ಅಕ್ಷರ ಆಗಿ ಉಳೀತದೆ, ಅಲ್ಲಿ "ವಾಟ್ಸಾಪಲ್ಲಿ K07 ಅಂತ ಕಳಿಸಿ" ಅಂತಲೇ ಬರೆಯಬೇಕು. ಅಕ್ಕನ ವಾಟ್ಸಾಪ್ ಸ್ಟೇಟಸಿಗೂ ಒಂದು ಕೋಡ್ ಕೊಟ್ಟೆ, S01. ಅವರ ಫೋನಲ್ಲಿ ಹತ್ತು ವರ್ಷದ ಗಿರಾಕಿಗಳ ನಂಬರ್ ಉಂಟು, ಅದನ್ನು ಲೆಕ್ಕದಿಂದ ಬಿಟ್ರೆ ಟ್ರ್ಯಾಕಿಂಗ್ ಸುಳ್ಳಾಗ್ತದೆ.

ಆರ್ಡರ್ ಟ್ಯಾಬಲ್ಲಿ ಎಡದಿಂದ ತಾರೀಕು, ಆರ್ಡರ್ ನಂಬರ್, ಕೋಡ್, ಐಟಂ, ರೂಪಾಯಿ, ಕಿಲೋ, ಊರು. ಹೆಸರು ಫೋನ್ ನಂಬರ್ ಇಲ್ಲಿ ಹಾಕಲಿಲ್ಲ, ಅದು ಅಕ್ಕನ ಬಿಲ್ ಪುಸ್ತಕದಲ್ಲೇ ಇರಲಿ, ಶೀಟ್ ನನ್ನ ಫೋನಲ್ಲೂ ತೆರೆದಿರ್ತದಲ್ಲ. ಪ್ಲಾನಿನ ಆರ್ಡರ್ ಕಾಲಮ್ಮಿಗೆ ಮತ್ತೆ ರೂಪಾಯಿ ಕಾಲಮ್ಮಿಗೆ:

```
=COUNTUNIQUEIFS(Orders!B:B, Orders!C:C, A2)
=SUMIF(Orders!C:C, A2, Orders!E:E)
```

ಮೊದಲು ಬರೀ COUNTIF ಹಾಕಿ ಟ್ರಯಲ್ ನೋಡಿದ್ದೆ. ಒಬ್ರು ಚಿಪ್ಸೂ ಹಪ್ಪಳವೂ ತಗೊಂಡ್ರೆ ಎರಡು ಸಾಲು ಆಗ್ತದೆ, ಅದು ಎರಡು ಆರ್ಡರ್ ಅಂತ ಲೆಕ್ಕ ತೋರಿಸ್ತಿತ್ತು. ಆರ್ಡರ್ ನಂಬರಿನ ಮೇಲೆ ಲೆಕ್ಕ ಮಾಡಿದ ಮೇಲೆ ಸರಿ ಆಯ್ತು. ಇನ್ನೊಂದು, ಕೋಡನ್ನು ಕೈಯಲ್ಲಿ ಟೈಪ್ ಮಾಡಿದ್ರೆ K7, K07, ಮುಂದೆ ಒಂದು ಸ್ಪೇಸ್ ಬಿದ್ದ K07, ಎಲ್ಲ ಬೇರೆ ಬೇರೆ ಅಂತ ಶೀಟ್ ತಿಳ್ಕೊಳ್ತದೆ, ಲೆಕ್ಕ ಕಮ್ಮಿ ಬರ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಡೇಟಾ ವ್ಯಾಲಿಡೇಶನಲ್ಲಿ ಡ್ರಾಪ್‌ಡೌನ್ ಮಾಡಿ ಪ್ಲಾನ್ ಟ್ಯಾಬಿನ ಕೋಡುಗಳಿಂದಲೇ ಆರಿಸುವ ಹಾಗೆ ಇಟ್ಟೆ.

ಶೀಟಿನ ತಲೆಯಲ್ಲಿ ದೊಡ್ಡ ಅಕ್ಷರದಲ್ಲಿ ಒಂದೇ ಒಂದು ಸಂಖ್ಯೆ, ಚಿಪ್ಸ್ ಎಷ್ಟು ಬಾಕಿ ಉಂಟು ಅಂತ:

```
=120-SUMIF(Orders!D:D, "chips", Orders!F:F)
```

ಇದು 15ಕ್ಕಿಂತ ಕೆಳಗೆ ಬಂದ್ರೆ ಕೆಂಪಾಗ್ತದೆ, ಕೆಂಪಾದ ಕೂಡ್ಲೆ ಮುಂದಿನ ಚಿಪ್ಸ್ ಪೋಸ್ಟುಗಳನ್ನೆಲ್ಲ ನಿಲ್ಲಿಸುವುದು ಅಂತ ಅಕ್ಕನ ಹತ್ರ ಒಪ್ಪಂದ. ಇಡೀ ಶೀಟಲ್ಲಿ ಅವರು ದಿನಾ ನೋಡಿದ್ದು ಇದೊಂದನ್ನೇ.

ಆಗಸ್ಟ್ 5 ಮತ್ತು 8: ಶೂಟ್

ಹುರಿಯುವ ಎರಡು ದಿನ ಪೂರ್ತಿ ಅಲ್ಲೇ ಇದ್ದು 16ರಲ್ಲಿ 11 ಪೋಸ್ಟಿನ ಫೋಟೋ ವಿಡಿಯೋ ಮುಗಿಸಿದೆ. ಆಟಿ ತಿಂಗಳ ಮಳೆ, ಬೆಳಕೇ ಇಲ್ಲ, ಶೆಡ್ಡಿನ ಒಳಗೆ ತೆಗೆದ ಚಿಪ್ಸ್ ಎಲ್ಲ ಕಪ್ಪು ಕಪ್ಪಾಗಿ ಕಾಣ್ತದೆ. ಹನ್ನೊಂದರಿಂದ ಮೂರು ಗಂಟೆ ಒಳಗೆ ಜಗಲಿಯ ಅಂಚಿಗೆ ತಂದು ಬಾಳೆಲೆ ಮೇಲೆ ಇಟ್ಟು ತೆಗೆದದ್ದು ಮಾತ್ರ ಹಳದಿ ಹಳದಿಯಾಗಿ ಬಂತು. ಶೀಟಿನ ಮಾಡಿನ ಮೇಲೆ ಮಳೆ ಬೀಳುವ ಶಬ್ದದಲ್ಲಿ ಅಕ್ಕ ಮಾತಾಡಿದ್ದು ಒಂದೂ ಕೇಳ್ತಿರಲಿಲ್ಲ, ಹಾಗಾಗಿ ಮಾತನ್ನು ಆಮೇಲೆ ಮನೆಯ ಒಳಕೋಣೆಯಲ್ಲಿ ಫೋನಲ್ಲಿ ರೆಕಾರ್ಡ್ ಮಾಡಿ ವಿಡಿಯೋದ ಮೇಲೆ ಕೂರಿಸಿದೆ. ಆದ್ರೆ ಬಾಣಲೆಗೆ ಕಾಯಿ ಬೀಳುವಾಗಿನ ಸರಸರ ಶಬ್ದವನ್ನು ಮಳೆ ಬಿಟ್ಟ ಐದು ನಿಮಿಷದಲ್ಲಿ ಬೇರೆ ಹಿಡಿದಿಟ್ಟೆ. ಅದು ಆಮೇಲೆ ತುಂಬ ಉಪಯೋಗಕ್ಕೆ ಬಂತು, ಯಾಕಂದ್ರೆ ಬಿಸಿನೆಸ್ ಅಕೌಂಟಿಗೆ ಎಲ್ಲ ಸಿನೆಮಾ ಹಾಡು ಸಿಗುವುದಿಲ್ಲ.

ಡಿಸೈನ್ ಮಾಡುವಾಗ ಎರಡು ಸಂಗತಿ. ಅಕ್ಕನ ಹಳೆ ರೇಟ್ ಲಿಸ್ಟ್ ನುಡಿಯಲ್ಲಿ ಹಳೆ ಫಾಂಟಲ್ಲಿ ಟೈಪ್ ಮಾಡಿದ್ದು, ಕಾಪಿ ಮಾಡಿ ಕ್ಯಾಪ್ಷನಿಗೆ ಹಾಕಿದ್ರೆ ಇಂಗ್ಲಿಷ್ ಅಕ್ಷರ ಚಿಹ್ನೆಗಳ ಗೋಜಲು ಬರ್ತದೆ, ಅದನ್ನು ಯುನಿಕೋಡಲ್ಲಿ ಹೊಸದಾಗಿ ಟೈಪ್ ಮಾಡಬೇಕಾಯ್ತು. ಎರಡನೆಯದು ರೇಟ್. ಆ ಹೊತ್ತಿಗೆ ತೆಂಗಿನೆಣ್ಣೆ ಲೀಟರಿಗೆ ನಾಲ್ಕುನೂರು ದಾಟಿತ್ತು, ಚಿಪ್ಸ್ ರೇಟ್ ಯಾವಾಗ ಬದಲಾಗ್ತದೆ ಅಂತ ಅಕ್ಕನಿಗೇ ಖಾತ್ರಿ ಇರಲಿಲ್ಲ. ಪೋಸ್ಟ್ ಆದ ಮೇಲೆ ಚಿತ್ರ ಬದಲಾಯಿಸ್ಲಿಕ್ಕೆ ಆಗುವುದಿಲ್ಲ, ಕ್ಯಾಪ್ಷನ್ ಎಡಿಟ್ ಮಾಡ್ಲಿಕ್ಕೆ ಆಗ್ತದೆ. ಹಾಗಾಗಿ ಚಿತ್ರದ ಮೇಲೆ ರೇಟ್ ಬರೆಯದೆ ಕ್ಯಾಪ್ಷನಲ್ಲಿ ಮಾತ್ರ ಬರೆದೆ. ಆಗಸ್ಟ್ 20ಕ್ಕೆ ಕಿಲೋಗೆ 480 ಇದ್ದದ್ದು 520 ಆಯ್ತು, ಐದು ಪೋಸ್ಟಿನ ಕ್ಯಾಪ್ಷನನ್ನು ಹತ್ತು ನಿಮಿಷದಲ್ಲಿ ಸರಿ ಮಾಡಿದೆ.

ಭಾಷೆಯ ವಿಷಯದಲ್ಲಿ ಒಂದೇ ಕ್ಯಾಪ್ಷನಲ್ಲಿ ಎರಡೂ ಭಾಷೆ ಹಾಕುವುದು ಅಂತ ಮೊದಲು ಇತ್ತು, ಆದ್ರೆ ಫೋನಲ್ಲಿ ಮೊದಲ ಎರಡು ಸಾಲು ಮಾತ್ರ ಕಾಣುವುದು, ಕೆಳಗಿದ್ದ ಭಾಷೆಯವರು ಅದು ತಮಗಲ್ಲ ಅಂತ ಮುಂದೆ ಹೋಗ್ತಾರೆ. ಅದಕ್ಕೆ ಐಟಂ ನೋಡಿ ಭಾಷೆ ಹಂಚಿದೆ: ಹಪ್ಪಳ, ಮಿಡಿ ಕನ್ನಡದಲ್ಲಿ, ಶರ್ಕರ ವರಟ್ಟಿ ಮಲಯಾಳದಲ್ಲಿ, ಚಿಪ್ಸ್ ಮೂರು ಮೂರು. ಮಲಯಾಳ ನನಗೆ ಮಾತಾಡ್ಲಿಕ್ಕೆ ಬರ್ತದೆ, ಬರೆದದ್ದನ್ನು ಹುರಿಯುವ ಚೇಚಿ ಒಬ್ರು ಓದಿ ತಿದ್ದಿಕೊಟ್ರು.

ಆಗಸ್ಟ್ 12ರಿಂದ 19

ಪೋಸ್ಟುಗಳನ್ನು ಮೆಟಾ ಬಿಸಿನೆಸ್ ಸೂಟಿನ ಪ್ಲಾನರಲ್ಲಿ ಒಂದೊಂದು ವಾರದ್ದು ಒಟ್ಟಿಗೆ ಶೆಡ್ಯೂಲ್ ಮಾಡಿದೆ, ಸಂಜೆ ಏಳೂವರೆಗೆ. ಮೊದಲ ವಾರ ದೊಡ್ಡದೇನೂ ಇಲ್ಲ, ನಾಲ್ಕು ಪೋಸ್ಟ್, ಐದು ಆರ್ಡರ್.

19ಕ್ಕೆ ತೊಂದರೆ ಆಯ್ತು. K05ರ ಕ್ಯಾಪ್ಷನ್ "ಇವತ್ತು ಬೆಳಿಗ್ಗೆ ಹುರಿದದ್ದು, ಇವತ್ತೇ ಪ್ಯಾಕ್" ಅಂತ ಶುರು ಆಗ್ತದೆ, ಶೆಡ್ಯೂಲ್ ಮಾಡಿ ನಾನು ಮರ್ತು ಬಿಟ್ಟಿದ್ದೆ. ಆ ದಿನ ಕಾಯಿಯ ಲೋಡೇ ಬರಲಿಲ್ಲ, ಬಾಣಲೆ ಹತ್ತಿಸಲೇ ಇಲ್ಲ. ಏಳೂವರೆಗೆ ಪೋಸ್ಟ್ ಹೋಯ್ತು, ಎಂಟಕ್ಕೆ ಪಕ್ಕದ ಮನೆಯವರೇ ಫೋನ್ ಮಾಡಿ ಕಾಲು ಕಿಲೋ ಕೊಡಿ ಬಿಸಿ ಇರುವಾಗಲೇ ಅಂತ ಕೇಳಿದ್ರು. ಅಕ್ಕನಿಗೆ ತುಂಬ ಬೇಸರ ಆಯ್ತು, ನನಗೂ. ಊರಲ್ಲಿ ಒಂದು ಸಲ ಸುಳ್ಳು ಹೇಳ್ತಾರೆ ಅಂತ ಆದ್ರೆ ಮುಗೀತು. ಆ ರಾತ್ರಿಯೇ ಕ್ಯಾಪ್ಷನ್ ತಿದ್ದಿದೆ, ಉಳಿದ ಶೆಡ್ಯೂಲ್ ಪೋಸ್ಟುಗಳಲ್ಲಿ "ಇವತ್ತು", "ಈಗ", "ಬಿಸಿಬಿಸಿ" ಅಂತ ಎಲ್ಲೆಲ್ಲಿ ಇತ್ತೋ ಎಲ್ಲ ತೆಗೆದೆ. ಇವತ್ತಿನ ವಿಷಯ ಇದ್ರೆ ಆ ದಿನ ಶೆಡ್ಡಲ್ಲಿ ನಿಂತು ಸ್ಟೋರಿ ಹಾಕುವುದು, ಶೆಡ್ಯೂಲ್ ಮಾಡುವುದರಲ್ಲಿ ಯಾವತ್ತಿಗೂ ನಿಜ ಆಗಿರುವ ಮಾತು ಮಾತ್ರ. ಶೀಟಲ್ಲೂ 120 ಇದ್ದದ್ದನ್ನು 95 ಮಾಡಿದೆ, ಒಂದು ದಿನದ 25 ಕಿಲೋ ಹೋಯ್ತಲ್ಲ.

ಆಗಸ್ಟ್ 21ರಿಂದ 26

M06 ರೀಲ್, 22 ಸೆಕೆಂಡ್, ಕಾಯಿಯನ್ನು ನೇರ ಬಾಣಲೆಯ ಮೇಲೆ ಹಿಡಿದು ಚೇಚಿ ಸರಸರ ಕೊಯ್ದು ಹಾಕುವುದು, ಅದೇ ಶಬ್ದ, ಮಾತಿಲ್ಲ. ಇದು ಓಡಿತು. ಮೂರು ದಿನದಲ್ಲಿ 41,000 ವ್ಯೂ, ನಮ್ಮ ಬೇರೆ ಪೋಸ್ಟುಗಳು ಸಾವಿರವೂ ದಾಟುವುದಿಲ್ಲ. ಮೆಸೇಜ್ ಬಂದದ್ದು 26. ಆರ್ಡರ್ ಆದದ್ದು 3.

ಯಾಕೆ ಅಂತ ಮೆಸೇಜ್ ಒಂದೊಂದನ್ನೇ ಓದಿದೆ. 17 ಜನ ದೂರದವರು, ಎರ್ನಾಕುಳಂ, ಬೆಂಗಳೂರು, ಗಲ್ಫಿನವರೂ ಇದ್ರು, ಅವರಿಗೆ ಅರ್ಧ ಕಿಲೋ ಚಿಪ್ಸಿಗೆ ಕೊರಿಯರ್ ಚಾರ್ಜ್ ಹೇಳಿದ ಕೂಡ್ಲೆ ಆಮೇಲೆ ಹೇಳ್ತೇವೆ ಅಂತ ಹೋದ್ರು. ಅವರಿಗೆ ಉತ್ತರ ಕೊಟ್ಟು ಕೊಟ್ಟು ಎರಡು ಸಂಜೆ ಹೋಯ್ತು. ತಪ್ಪು ಕ್ಯಾಪ್ಷನಲ್ಲಿ, ಎಲ್ಲಿಗೆ ಕಳಿಸ್ತೇವೆ ಅಂತಲೇ ಬರೆದಿರಲಿಲ್ಲ. ಮೊದಲ ಸಾಲಲ್ಲೇ "ಕಾಞಂಗಾಡಿನಿಂದ ಮಂಗಳೂರಿನ ವರೆಗೆ ಬಸ್ ಪಾರ್ಸೆಲ್, ದೂರಕ್ಕೆ ಎರಡು ಕಿಲೋದಿಂದ ಮೇಲೆ" ಅಂತ ಮಲಯಾಳದಲ್ಲಿ ಸೇರಿಸಿದೆ. ಆಮೇಲೆ ರೀಲ್ ಓಡ್ತಾ ಇದ್ರೂ ಕೊರಿಯರ್ ಎಷ್ಟು ಅನ್ನುವ ಮೆಸೇಜ್ ಹತ್ರ ಹತ್ರ ನಿಂತೇ ಹೋಯ್ತು.

23ಕ್ಕೆ K07. ಇದು ಒಂದು ಸಾದಾ ಫೋಟೋ, ಬಾಳೆಲೆ ಮೇಲೆ ನಾಲ್ಕು ಐಟಂ, ಪಕ್ಕದಲ್ಲಿ ರೇಟ್, ಕೆಳಗೆ ಎರಡು ಕೊನೆ ದಿನಾಂಕ. ಚಿತ್ರದ ಮೇಲೆ ರೇಟ್ ಹಾಕಿದ್ದು ಇದೊಂದರಲ್ಲಿ ಮಾತ್ರ, ತಿರುವೋಣಂ ವರೆಗೆ ರೇಟ್ ಬದಲಾಯಿಸುವುದಿಲ್ಲ ಅಂತ ಅಕ್ಕ ಮಾತು ಕೊಟ್ಟ ಮೇಲೆ. ರೀಚ್ ಏಳನೇ ದಿನಕ್ಕೆ 870. ಶೇರ್ 64. ಆರ್ಡರ್ 19. ಇದೇ ಚಿತ್ರವನ್ನು ಅಕ್ಕ ಸ್ಟೇಟಸಿಗೆ ಹಾಕಿದ್ರು, ಅದರಿಂದ S01 ಕೋಡಲ್ಲಿ ಇನ್ನೂ 14.

41,000 ಒಂದು ಕಡೆ 3 ಆರ್ಡರ್, 870 ಒಂದು ಕಡೆ 19. ಇದನ್ನು ನೋಡಿ ರೀಲ್ ದಂಡ, ರೇಟ್ ಲಿಸ್ಟೇ ಸಾಕು ಅಂತ ಬರೆದುಬಿಡ್ತಿದ್ದೆ. ಆದ್ರೆ ಅಷ್ಟರಲ್ಲಿ K07ರ 19 ಜನರಿಗೂ ಪ್ಯಾಕ್ ಕಳಿಸುವಾಗ "ಮೊದಲು ನಮ್ಮದು ಎಂತಾದ್ರೂ ನೋಡಿದ್ರಾ" ಅಂತ ಕೇಳಿದ್ದೆ. ಐದು ಜನ ಹೇಳಿದ್ದು, ಆ ಬಾಣಲೆಯ ವಿಡಿಯೋ ನೋಡಿ ಫಾಲೋ ಮಾಡಿದ್ದೆವು, ರೇಟ್ ಗೊತ್ತಾದಾಗ ಆರ್ಡರ್ ಮಾಡಿದೆವು ಅಂತ. ಕೋಡ್ ಹೇಳುವುದು ಕೊನೆಯ ಹೆಜ್ಜೆಯನ್ನು ಮಾತ್ರ, ಅವರು ನಮ್ಮನ್ನು ಮೊದಲು ಎಲ್ಲಿ ಕಂಡ್ರು ಅಂತ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಶೀಟಲ್ಲಿ "ಮೊದಲು ನೋಡಿದ್ದು" ಅಂತ ಇನ್ನೊಂದು ಕಾಲಮ್ ಸೇರಿಸಿದೆ, ಗಿರಾಕಿ ಹೇಳಿದ್ರೆ ಬರೆಯುವುದು, ಇಲ್ಲದಿದ್ರೆ ಖಾಲಿ.

ಏಳನೇ ದಿನದ ರೀಚ್ ಅಂತ ಯಾಕೆ ಇಟ್ಟದ್ದು ಅಂದ್ರೆ, ತಿಂಗಳ ಕೊನೆಗೆ ಒಂದೇ ದಿನ ಎಲ್ಲದರ ಸಂಖ್ಯೆ ತೆಗೆದ್ರೆ ಹಳೆ ಪೋಸ್ಟಿಗೆ ನಾಲ್ಕು ವಾರ ಸಿಕ್ಕಿರ್ತದೆ, ಹೊಸದಕ್ಕೆ ಎರಡು ದಿನ, ಹೋಲಿಸಿದ್ದಕ್ಕೆ ಅರ್ಥ ಇಲ್ಲ. ಪ್ಲಾನಲ್ಲಿ ತಾರೀಕಿಗೆ ಏಳು ಕೂಡಿಸಿದ ಒಂದು ಕಾಲಮ್ ಮಾಡಿ, ಆ ದಿನ ಬೆಳಿಗ್ಗೆ ಚಾ ಕುಡಿಯುವಾಗ ಆ ಸಾಲನ್ನು ಮಾತ್ರ ತುಂಬಿಸ್ತಿದ್ದೆ, ಎರಡು ನಿಮಿಷದ ಕೆಲಸ.

ಆಗಸ್ಟ್ 28ರಿಂದ ಸೆಪ್ಟೆಂಬರ್ 6

28ರ ಪೋಸ್ಟ್ ಹಾಕಲಿಲ್ಲ, ಎಲ್ಲರೂ ಪ್ಯಾಕಿಂಗಲ್ಲಿ, ನಾನೂ ಸೀಲ್ ಮಾಡ್ಲಿಕ್ಕೆ ಕೂತೆ. 29ಕ್ಕೆ ಬೆಂಗಳೂರಿಗೆ ಕೊನೆ ದಿನ ಅಂತ ಒಂದು ಹೋಯ್ತು. 30ಕ್ಕೆ ಬೆಳಿಗ್ಗೆ ಶೀಟ್ ತೆರೆದ್ರೆ ತಲೆಯ ಸಂಖ್ಯೆ ಕೆಂಪು, 11. ಅವತ್ತಿನ ಚಿಪ್ಸ್ ಪೋಸ್ಟ್ ನಿಲ್ಲಿಸಿದೆ. ಸೆಪ್ಟೆಂಬರ್ 2ರ "ಚಿಪ್ಸಿಗೆ ಕೊನೆ ದಿನ" ಪೋಸ್ಟನ್ನು ತೆಗೆದು ಅಲ್ಲಿಗೆ ಹಪ್ಪಳ ಹಾಕಿದೆ, ಅದರಲ್ಲಿ ಇನ್ನೂ 38 ಕಟ್ಟು ಬಾಕಿ ಇತ್ತು. ಚಿಪ್ಸ್ ಒಟ್ಟು ಹೋದದ್ದು 92 ಕಿಲೋ, ಇಲ್ಲ ಅಂತ ಹೇಳಿ ಕಳಿಸಬೇಕಾಗಿ ಬಂದದ್ದು ನಾಲ್ಕೇ ಜನರಿಗೆ. ಹೋದ ವರ್ಷ ಉತ್ರಾಡದ ದಿನವೂ ಜನ ಬಂದು ಬೈದು ಹೋಗಿದ್ರಂತೆ, ಅಕ್ಕ ಹೇಳಿದ್ದು.

ಸೆಪ್ಟೆಂಬರ್ 8, ಸೋಮವಾರ

ಲೆಕ್ಕ ನೋಡಿದ್ದು. ಹೋದ ಪೋಸ್ಟ್ 14. ಒಟ್ಟು ಆರ್ಡರ್ 112. ಅದರಲ್ಲಿ ಕೋಡ್ ಜೊತೆ ಬಂದದ್ದು 67. ಕೋಡ್ ಕಳಿಸದೆ, ಕೇಳಿದಾಗ ಇನ್‌ಸ್ಟಾಗ್ರಾಮಲ್ಲೋ ಫೇಸ್‌ಬುಕ್ಕಲ್ಲೋ ನೋಡಿದ್ದು ಅಂದವರು 18. ಉಳಿದ 27 ಹಳೆ ಗಿರಾಕಿಗಳು, ನೇರ ಫೋನ್ ಮಾಡಿದವರು, ಅವರನ್ನು ಪೋಸ್ಟಿನ ಲೆಕ್ಕಕ್ಕೆ ಸೇರಿಸಲಿಲ್ಲ. ಸೇರಿಸಿದ್ರೆ ನನ್ನ ರಿಪೋರ್ಟ್ ಚಂದ ಕಾಣ್ತಿತ್ತು, ಆದ್ರೆ ಅವರು ನಾನು ಬರುವ ಮೊದಲೂ ತಗೊಳ್ತಿದ್ದವರು.

ಕನ್ನಡವಾ ಮಲಯಾಳವಾ ಯಾವುದು ಚೆನ್ನಾಗಿ ಹೋಯ್ತು ಅಂತ ಅಕ್ಕ ಕೇಳಿದ್ರು. ಅದಕ್ಕೆ ಉತ್ತರ ಈ ಶೀಟಲ್ಲಿ ಇಲ್ಲ ಅಂದೆ. ಎರಡೂ ಭಾಷೆಯಲ್ಲಿ ಏಳೆಂಟು ಪೋಸ್ಟ್, ಅದರಲ್ಲಿ ಒಂದು ರೇಟ್ ಲಿಸ್ಟ್ ಕನ್ನಡದಲ್ಲಿ ಇದ್ದದ್ದಕ್ಕೆ ಕನ್ನಡದ ಮೊತ್ತ ಮೇಲೆ ಹೋಗಿದೆ, ಅದನ್ನು ತೆಗೆದ್ರೆ ಎರಡೂ ಹೆಚ್ಚು ಕಮ್ಮಿ ಸಮ. ಗೊತ್ತಾಗಬೇಕಾದ್ರೆ ಅದೇ ರೇಟ್ ಲಿಸ್ಟನ್ನು ಮಲಯಾಳದಲ್ಲೂ ಅದೇ ಹೊತ್ತಿಗೆ ಹಾಕಿ ನೋಡಬೇಕು. ಉಪ್ಪಿನಕಾಯಿಯ ಎರಡು ಪೋಸ್ಟಿಂದ ಒಂದೂ ಆರ್ಡರ್ ಬರಲಿಲ್ಲ, ಆದ್ರೆ ಸೇವ್ ಅದಕ್ಕೇ ಜಾಸ್ತಿ, ಅದು ಹೇಗೆ ಮಾಡುವುದು ಅಂತ ತೋರಿಸಿದ ವಿಡಿಯೋ, ಜನ ಮನೆಯಲ್ಲೇ ಮಾಡ್ಲಿಕ್ಕೆ ಇಟ್ಟುಕೊಂಡಿದ್ದಾರೆ ಅಂತ ನನಗೆ ಅನ್ನಿಸ್ತದೆ.

ಪ್ಲಾನ್ ಟ್ಯಾಬನ್ನು ಡೂಪ್ಲಿಕೇಟ್ ಮಾಡಿ ಹೊಸ ತಿಂಗಳಿಗೆ ಖಾಲಿ ಮಾಡಿದೆ. ಕೆಳಗೆ ಇಟ್ಟಿದ್ದ ಅಷ್ಟಮಿಯ ಸಾಲನ್ನು ಮೇಲೆ ತಂದು ಚಕ್ಕುಲಿ ಅಂತ ಬರೆದೆ, 14 ಭಾನುವಾರ, ಹಾಗಾದ್ರೆ ಪೋಸ್ಟ್ 10ಕ್ಕೇ ಹೋಗಬೇಕು. ತಾರೀಕು ಹಾಕುವ ಮೊದಲು ಅಡಿಗೆಮನೆಗೆ ಹೋಗಿ ದಿನಕ್ಕೆ ಎಷ್ಟು ಚಕ್ಕುಲಿ ಆಗ್ತದೆ ಅಂತ ಕೇಳಿದೆ. ಅಕ್ಕ ಹಿಟ್ಟಿನ ಡಬ್ಬ ತೆರೆದು ನೋಡಿ, "ಎಂಟು ಕಿಲೋ ಬರಿ, ಹತ್ತು ಬೇಡ" ಅಂದ್ರು. ಶೀಟಿನ ತಲೆಯಲ್ಲಿ, ಮೂರು ದಿನಕ್ಕೆ, 24 ಅಂತ ಹಾಕಿದೆ.